ಸುಳಿ ಸತ್ತ ಪೈರು, ಬೂಷ್ಟು ಹಿಡಿದ ತೆನೆ

ಆಲೂರು ಸೀಮೆಯ ನಮ್ಮ ವಾಚಕರೊಬ್ಬರು ಕೈಫೋನಿನಲ್ಲಿ ತೆಗೆದು, ಆದವಾನಿಯಲ್ಲಿ ಅಚ್ಚು ಹಾಕಿಸಿದ ಏಳು ಪಟಗಳನ್ನು ಲಕೋಟೆಯಲ್ಲಿಟ್ಟು ನಮಗೆ ಕಳಿಸಿದ್ದಾರೆ. ಜೊತೆಗೆ ಒಂದು ಚೀಟಿ. ಅದರಲ್ಲಿ ಬರೆದಿರುವುದು ಇಷ್ಟೇ: "ನಾವು ಅಣ್ಣ ತಮ್ಮಂದಿರು. ಇಬ್ಬರ ಹೊಲಕ್ಕೂ ಒಂದೇ ಬದು. ಬಿತ್ತಿದ್ದು ಒಂದೇ ಅಂಗಡಿಯ ಹೈಬ್ರಿಡ್ ಜೋಳ. ನನ್ನದು ತೆನೆ ಕೆಟ್ಟಿತು, ತಮ್ಮನದು ಸುಳಿ ಕೆಟ್ಟಿತು. ಬೀಜದ ದೋಷವೋ, ಭೂಮಿಯ ದೋಷವೋ ತಿಳಿಸಬೇಕು."

ಪಟಗಳನ್ನು ಮೇಜಿನ ಮೇಲೆ ಹರಡಿಕೊಂಡು ನಾವು ಬಹಳ ಹೊತ್ತು ನೋಡಿದೆವು. ಇಂಥ ಪಟಗಳು ನಮಗೆ ಹೊಸವಲ್ಲ. ಪ್ರತಿ ಮುಂಗಾರಿನಲ್ಲಿಯೂ ಶ್ರಾವಣದ ಹೊತ್ತಿಗೆ ಒಣಗಿದ ಸುಳಿಯ ಪಟಗಳೂ, ನವರಾತ್ರಿಯ ಹೊತ್ತಿಗೆ ಕಪ್ಪಾದ ತೆನೆಯ ಪಟಗಳೂ ಆದವಾನಿ, ಕೌತಾಳ, ಹೊಳಗುಂದಿ, ಪತ್ತಿಕೊಂಡದ ಕಡೆಗಳಿಂದ ಬರುತ್ತಲೇ ಇರುತ್ತವೆ. ಆದರೆ ಒಂದೇ ಬದುವಿನ ಎರಡು ಮಗ್ಗುಲಿನಿಂದ, ಒಂದೇ ಬೀಜದಿಂದ, ಈ ಎರಡು ಕೇಡುಗಳೂ ಒಂದೇ ಲಕೋಟೆಯಲ್ಲಿ ಬಂದುದು ಇದೇ ಮೊದಲು. ದೋಷವು ಬೀಜದ್ದೂ ಅಲ್ಲ, ಭೂಮಿಯದೂ ಅಲ್ಲ. ಬಿತ್ತಿದ ದಿನದ್ದು ಮತ್ತು ಕೊಯ್ದ ದಿನದ್ದು ಎಂಬುದು ನಮ್ಮ ಅಭಿಪ್ರಾಯ. ಅದು ಹೇಗೆಂಬುದನ್ನು ಕೊಂಚ ವಿಸ್ತಾರವಾಗಿ ಹೇಳಬೇಕಾಗಿದೆ.

ಪಟದ ಹಿಂದೆ ತಾರೀಖು ಬರೆದಿರಲಿಲ್ಲ. ತಾರೀಖಿಲ್ಲದ ಬೆಳೆಯ ಪಟವೆಂದರೆ ಹುಟ್ಟಿದ ಹೊತ್ತು ಕೊಡದ ಜಾತಕ. ನಾವು ತಿರುಗಿ ಬರೆದು ಕೇಳಿದ ಮೇಲೆ ತಿಳಿದುದು ಹೀಗೆ. ಅಣ್ಣನು ಮೃಗಶಿರದ ಕೊನೆಯ ಹದಕ್ಕೆ, ಜೂನ್ 20ಕ್ಕೆ ಕೂರಿಗೆ ಹೂಡಿದನು. ತಮ್ಮನಿಗೆ ಅದೇ ಹದಕ್ಕೆ ಎತ್ತೂ ಸಿಗಲಿಲ್ಲ, ಬರಬೇಕಾಗಿದ್ದ ಬೀಜವೂ ಹೊತ್ತಿಗೆ ಬರಲಿಲ್ಲ. ಆತನು ಪುಷ್ಯದ ಮಳೆಗೆ, ಜುಲೈ 24ಕ್ಕೆ ಬಿತ್ತಿದನು. ನಡುವೆ 34 ದಿನಗಳ ಅಂತರ. ಇಡೀ ಕಥೆ ಈ ಅಂತರದಲ್ಲಿದೆ.

ಮೊದಲು ತಮ್ಮನ ಹೊಲವನ್ನು ನೋಡೋಣ. ಆತನ ಪಟಗಳಲ್ಲಿ ಒಂದು ಗೇಣುದ್ದದ ಪೈರು ಕಾಣುತ್ತದೆ. ಸುತ್ತಲಿನ ಎಲೆಗಳು ಹಸುರಾಗಿ ಚೆನ್ನಾಗಿಯೇ ಇವೆ. ನಡುವಿನ ಸುಳಿ ಮಾತ್ರ ಹುಲ್ಲುಕಡ್ಡಿಯಂತೆ ಒಣಗಿ ನಿಂತಿದೆ. ಇನ್ನೊಂದು ಪಟದಲ್ಲಿ ಆ ಸುಳಿಯನ್ನು ಕಿತ್ತು ಅಂಗೈಮೇಲೆ ಇಟ್ಟಿದ್ದಾನೆ. ಅದರ ಬುಡ ಕೊಳೆತು ಕಂದು ಬಣ್ಣಕ್ಕೆ ತಿರುಗಿದೆ. ಹೀಗೆ ಎರಡು ಬೆರಳಿಂದ ಎಳೆದರೆ ಸರಕ್ಕನೆ ಬರುವ, ಮೂಸಿದರೆ ಕೆಟ್ಟ ವಾಸನೆ ಹೊಡೆಯುವ ಸುಳಿಯು ಸುಳಿ ನೊಣದ ಕೆಲಸ. ಆ ಕೊಳೆತ ಬುಡದಲ್ಲಿ ಹುಡುಕಿದರೆ ಕಾಲಿಲ್ಲದ, ತಲೆಯೆಂಬುದು ಸ್ಪಷ್ಟವಾಗಿ ಕಾಣದ, ಹಳದಿ ಬಿಳುಪಿನ ಸಣ್ಣ ಹುಳು ಸಿಗುತ್ತದೆ. ಇದನ್ನು ಕಾಂಡ ಕೊರೆಯುವ ಹುಳುವಿನೊಡನೆ ಬೆರೆಸಬಾರದು. ಕಾಂಡದ ಹುಳುವೂ ಸುಳಿಯನ್ನು ಒಣಗಿಸುತ್ತದೆ. ಆದರೆ ಅದು ಸಾಮಾನ್ಯವಾಗಿ ಪೈರು ಇನ್ನಷ್ಟು ದೊಡ್ಡದಾದ ಮೇಲೆ ಬರುತ್ತದೆ. ಮೊದಲು ಎಲೆಗಳಲ್ಲಿ ಸಾಲಾಗಿ ಸೂಜಿ ಚುಚ್ಚಿದಂಥ ತೂತುಗಳನ್ನು ಮಾಡುತ್ತದೆ. ಸೀಳಿ ನೋಡಿದರೆ ತಲೆಯೂ ಕಾಲುಗಳೂ ಇರುವ ಕಂಬಳಿಹುಳುವಿನ ಜಾತಿಯದು ಸಿಗುತ್ತದೆ. ತಮ್ಮನ ಪೈರಿನ ಎಲೆಗಳಲ್ಲಿ ಒಂದು ತೂತೂ ಇಲ್ಲ.

ತೆಲುಗಿನ ಕರಪತ್ರಗಳಲ್ಲಿ ಇದಕ್ಕೆ ಮೊವ್ವು ಈಗ ಎನ್ನುತ್ತಾರೆ. ತೆಲುಗಿನಲ್ಲಿ ಈಗ ಎಂದರೆ ನೊಣ. ನಮ್ಮ ಕನ್ನಡದ ಒಕ್ಕಲಿಗರು ಅದನ್ನೋದಿ 'ಈಗಲೇ' ಎಂದು ತಿಳಿದುಕೊಂಡರೂ ತಪ್ಪಾಗಲಾರದು. ಏಕೆಂದರೆ ಈ ನೊಣದ ವಿಷಯದಲ್ಲಿ ನಾಳೆ ಎಂಬುದಿಲ್ಲ.

ನೊಣವು ಮನೆಯ ನೊಣಕ್ಕಿಂತ ಚಿಕ್ಕದು, ಬೂದು ಬಣ್ಣದ್ದು. ಪೈರು ಹುಟ್ಟಿ ಒಂದು ವಾರವಾಗುವುದರೊಳಗೆ ಹೊಲಕ್ಕೆ ಬರುತ್ತದೆ. ಎಲೆಯ ಕೆಳಮೈಯಲ್ಲಿ, ನಡುನರದ ಉದ್ದಕ್ಕೆ ಸಮನಾಗಿ, ಒಂದು ಎಲೆಗೆ ಸಾಮಾನ್ಯವಾಗಿ ಒಂದರಂತೆ ಬಿಳಿಯ ಉದ್ದನೆಯ ತತ್ತಿಯನ್ನಿಡುತ್ತದೆ. ಅಕ್ಕಿನುಚ್ಚಿನ ಒಂದು ಚೂರನ್ನು ಎಲೆಗೆ ಅಂಟಿಸಿದಂತೆ ಅದು ಕಾಣುತ್ತದೆ. ಒಂದೆರಡು ದಿನಗಳಲ್ಲಿ, ಹೆಚ್ಚಾಗಿ ಬೆಳಗಿನ ಜಾವಕ್ಕೆ, ತತ್ತಿ ಒಡೆಯುತ್ತದೆ. ಹೊರಬಂದ ಹುಳು ಎಲೆಯ ಮೇಲಿನ ತೇವವನ್ನೇ ದಾರಿಮಾಡಿಕೊಂಡು ಸುಳಿಯೊಳಗೆ ಇಳಿಯುತ್ತದೆ, ಬೆಳೆಯುವ ಮೊಳಕೆಯನ್ನು ಬುಡದಲ್ಲಿ ಕತ್ತರಿಸುತ್ತದೆ, ಆಮೇಲೆ ಕೊಳೆತುದನ್ನು ತಿಂದುಕೊಂಡು ಅಲ್ಲಿಯೇ ಇರುತ್ತದೆ. ಸುಳಿ ಒಣಗಿದ್ದು ನಮ್ಮ ಕಣ್ಣಿಗೆ ಬೀಳುವುದು ಇದೆಲ್ಲ ಮುಗಿದ ಎರಡು ಮೂರು ದಿನಗಳ ಮೇಲೆ. ಎಂದರೆ ಒಣಗಿದ ಸುಳಿಯ ಪಟವು ರೋಗಿಯ ಪಟವಲ್ಲ, ಹೆಣದ ಪಟ.

ತಮ್ಮನು ಮಾಡಿದ್ದೇನು? ಆಗಸ್ಟ್ 14ಕ್ಕೆ ಒಣಗಿದ ಸುಳಿಗಳನ್ನು ಕಂಡನು. ಪಟ ತೆಗೆದುಕೊಂಡು ಔಷಧದ ಅಂಗಡಿಗೆ ಹೋದನು. ಅವರು ಕೊಟ್ಟ ಸೀಸೆಯನ್ನು ತಂದು ಮೂರು ಎಕರೆಗೂ ಹೊಡೆದನು. ಹುಳು ಕಾಂಡದೊಳಗೆ ಕುಳಿತಿತ್ತು, ಮೊಳಕೆ ಆಗಲೇ ತುಂಡಾಗಿತ್ತು. ಹೊಡೆದ ಔಷಧಿ ಎಲೆಯ ಮೇಲೆ ಬಿದ್ದು ನೆಲಕ್ಕಿಳಿಯಿತು. ಹಣವೂ ಹೋಯಿತು, ಕೂಲಿಯೂ ಹೋಯಿತು. ನಾವು ಹೇಳಿದ ಪ್ರಕಾರ ಆತನು ಹೊಲದ ಐದು ಕಡೆ ಸಾಲಿನಲ್ಲಿ ಇಪ್ಪತ್ತಿಪ್ಪತ್ತು ಪೈರುಗಳನ್ನು ಎಣಿಸಿದಾಗ ನೂರಕ್ಕೆ 46 ಸುಳಿ ಸತ್ತಿದ್ದವು. ಸಾಲಿನಿಂದ ಸಾಲಿಗೆ ಒಂದೂವರೆ ಅಡಿ, ಗಿಡದಿಂದ ಗಿಡಕ್ಕೆ ಅರ್ಧ ಅಡಿ ಎಂದು ಹಿಡಿದರೆ ಎಕರೆಗೆ ಸುಮಾರು 58,000 ಗಿಡಗಳಿರಬೇಕು. ಅದರಲ್ಲಿ ಅರ್ಧಕ್ಕೆ ಅರ್ಧ ಹೋದಂತಾಯಿತು. ಸುಳಿ ಸತ್ತ ಗಿಡ ಬುಡದಿಂದ ಮರಿ ಹೊಡೆಯುತ್ತದೆ ನಿಜ, ದೂರದಿಂದ ಹೊಲ ಹಸುರಾಗಿಯೇ ಕಾಣುತ್ತದೆ. ಆದರೆ ಆ ಮರಿಗಳಿಗೂ ನೊಣ ತಪ್ಪದು. ತಪ್ಪಿದವು ತಾಯಿಗಿಡಕ್ಕಿಂತ ತಡವಾಗಿ, ಒಂದೊಂದು ಒಂದೊಂದು ಕಾಲಕ್ಕೆ ತೆನೆ ಹಾಯುತ್ತವೆ.

ಇನ್ನು ಅಣ್ಣನ ಹೊಲಕ್ಕೆ ನೊಣ ಏಕೆ ಬರಲಿಲ್ಲ? ಬಂದಿತ್ತು. ಬೇಸಿಗೆಯ ಬಿಸಿಲಿನಲ್ಲಿ ನೊಣದ ಸಂತತಿ ಕಡಿಮೆಯಾಗಿರುತ್ತದೆ. ಮೊದಲ ಮಳೆಯ ಜೋಳ ಹುಟ್ಟಿದಾಗ ಅಲ್ಲೊಂದು ಇಲ್ಲೊಂದು ಗಿಡಕ್ಕೆ ತತ್ತಿ ಬೀಳುತ್ತದೆ. ಅಷ್ಟು ನಷ್ಟವನ್ನು ಒಕ್ಕಲಿಗನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ತತ್ತಿಯಿಂದ ನೊಣವಾಗುವುದಕ್ಕೆ ಸುಮಾರು ಮೂರು ವಾರಗಳು ಸಾಕು. ಜುಲೈ ಮೊದಲ ವಾರದಲ್ಲಿ ಅಣ್ಣನ ಹೊಲದ ಕೆಲವೇ ಗಿಡಗಳಲ್ಲಿ ಬಿದ್ದ ತತ್ತಿಗಳು ಜುಲೈ ಕೊನೆಗೆ ನೊಣಗಳಾಗಿ ಹೊರಬಿದ್ದವು. ಅಷ್ಟರಲ್ಲಿ ಅಣ್ಣನ ಜೋಳ ಬಲಿತು ನೊಣಕ್ಕೆ ಒಗ್ಗದಾಗಿತ್ತು. ಬದು ದಾಟಿದರೆ ತಮ್ಮನ ಹೊಲದಲ್ಲಿ ಎಳೆಯ ಪೈರು ಆಗತಾನೆ ತಲೆಯೆತ್ತುತ್ತಿತ್ತು. ನೊಣಕ್ಕೆ ಬೇರೇನು ಬೇಕು! ಇದನ್ನು ಬರೆದಾಗ ಅಣ್ಣನು ಬೇಸರಪಟ್ಟುಕೊಂಡನೆಂದು ತೋರುತ್ತದೆ. ತನ್ನ ಹೊಲದ ನೊಣ ತಮ್ಮನನ್ನು ತಿಂದಿತೆಂದು ಆತನು ತಿಳಿಯಬಾರದು; ಊರಿನ ಮುಂಚಿನ ಹೊಲಗಳೆಲ್ಲವೂ ಹಿಂದಿನ ಹೊಲಗಳೆಲ್ಲಕ್ಕೂ ಇದನ್ನೇ ಮಾಡುತ್ತವೆ. ಈ ಕಾರಣದಿಂದಲೇ ಮಳೆ ಹಿಡಿದ ಒಂದು ವಾರ ಹತ್ತು ದಿನಗಳೊಳಗೆ ಊರೆಲ್ಲ ಕೂಡಿ ಬಿತ್ತಬೇಕೆಂದು ಬಲ್ಲವರು ಹೇಳುವುದು. ಒಬ್ಬನೇ ಜಾಣನಾಗಿ ಬೇಗ ಬಿತ್ತಿದರೆ ಆತನು ಉಳಿದಾನು, ಊರು ಉಳಿಯದು.

ಹಾಗಾದರೆ ಬೇಗ ಬಿತ್ತಿದ ಅಣ್ಣನು ಗೆದ್ದನೇ? ಇಲ್ಲ. ನಮ್ಮ ಪಡುವಣ ಕರ್ನೂಲು ಸೀಮೆಯ ತೊಡಕು ಇರುವುದು ಇಲ್ಲಿಯೇ.

ಅಣ್ಣನ ಜೋಳ ಆಗಸ್ಟ್ 25ರ ಸುಮಾರಿಗೆ ಹೂ ಬಿಟ್ಟಿತು. ನಮ್ಮ ಕಡೆ ಮಳೆ ಹೆಚ್ಚಾಗಿ ಬೀಳುವುದು ಸೆಪ್ಟೆಂಬರ್ ತಿಂಗಳಲ್ಲಿ. ಹುಬ್ಬೆ, ಉತ್ತರೆ, ಹಸ್ತದ ಮಳೆಗಳನ್ನು ನಂಬಿಯೇ ನಮ್ಮ ಎರೆಹೊಲಗಳು ಬದುಕಿರುವುದು. ಹೂ ಬಿಟ್ಟ ತೆನೆಯು ಹಾಲುಗಾಳಾಗಿ, ಹಸಿಗಾಳಾಗಿ ಬಲಿಯುವ ಕಾಲವೆಲ್ಲ ಆ ಮಳೆಯಲ್ಲಿಯೇ ಹೋಯಿತು. ಆತನ ಕೊನೆಯ ಪಟ ಅಕ್ಟೋಬರ್ 16ರದು. ತೆನೆಯ ಮೇಲ್ಭಾಗದ ಕಾಳುಗಳ ಮೇಲೆ ನಸುಗೆಂಪು ಬಿಳುಪಿನ ಹತ್ತಿಯಂಥ ಬೂಷ್ಟು, ಕೆಳಗಿನ ಕಾಳುಗಳ ಮೇಲೆ ಮಸಿ ಬಳಿದಂಥ ಕಪ್ಪು. ಬಿಳುಪು ನಸುಗೆಂಪಿನದು ಬಹುಮಟ್ಟಿಗೆ ಫ್ಯುಸೇರಿಯಂ ಎಂಬ ಶಿಲೀಂಧ್ರ. ಕಪ್ಪು ಮಖಮಲ್ಲಿನಂಥದು ಕರ್ವುಲೇರಿಯ. ಇದನ್ನು ಕಾಡಿಗೆ ರೋಗವೆಂದು ಅನೇಕರು ತಪ್ಪು ತಿಳಿಯುತ್ತಾರೆ. ಕಾಡಿಗೆಯಲ್ಲಿ ಕಾಳೇ ಇರುವುದಿಲ್ಲ. ಕಾಳಿನ ಜಾಗದಲ್ಲಿ ಒಂದು ಚೀಲವಿದ್ದು, ಹಿಚುಕಿದರೆ ಕರಿಯ ಹುಡಿ ಹಾರುತ್ತದೆ. ಬೂಷ್ಟಿನಲ್ಲಿ ಕಾಳು ಇದ್ದೇ ಇರುತ್ತದೆ, ಅದರ ಮೈಮೇಲೆ ಬೂಷ್ಟು ಕೂತಿರುತ್ತದೆ. ಕಾಡಿಗೆಗೆ ಬೀಜಕ್ಕೆ ಗಂಧಕ ಹಚ್ಚುವುದು ಹಿಂದಿನಿಂದ ಬಂದ ಮದ್ದು. ಬೂಷ್ಟಿಗೆ ಅದರಿಂದ ಏನೂ ಆಗದು.

ನಮ್ಮನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ ಪಟ ಮಾತ್ರ ಇದಲ್ಲ. ಏಳರಲ್ಲಿ ಒಂದು, ಅಣ್ಣನ ಮಗಳು ಆಟಕ್ಕೆಂದು ತೆಗೆದದ್ದು. ಸೆಪ್ಟೆಂಬರ್ 28ರದು. ಹುಡುಗಿಯು ತೆನೆಯ ಕೆಳತುದಿಯಿಂದ ನಾಲ್ಕೈದು ಕಾಳು ಬಿಡಿಸಿ ಅಂಗೈಯಲ್ಲಿ ಹಿಡಿದುಕೊಂಡಿದ್ದಾಳೆ. ಕಾಳುಗಳು ಮುತ್ತಿನಂತೆ ತುಂಬಿವೆ. ಭೂತಗನ್ನಡಿ ಹಿಡಿದು ನೋಡಿದಾಗ ಪ್ರತಿಯೊಂದು ಕಾಳಿನ ಬುಡದಲ್ಲಿಯೂ, ಅದು ತೊಟ್ಟಿಗೆ ಅಂಟಿಕೊಂಡಿದ್ದ ಕಡೆ, ಒಂದೊಂದು ಕಪ್ಪು ಚುಕ್ಕೆ ಕಾಣಿಸಿತು.

ಆ ಚುಕ್ಕೆ ರೋಗವಲ್ಲ. ಗಿಡವು ಕಾಳಿಗೆ ಉಣಿಸುವುದನ್ನು ಮುಗಿಸಿ ಬಾಗಿಲು ಹಾಕಿದ ಗುರುತು. ಅಲ್ಲಿಂದ ಮುಂದೆ ಕಾಳು ಗುಂಜಿಯಷ್ಟೂ ತೂಕ ಏರುವುದಿಲ್ಲ. ನೀರು ಆರುವುದೊಂದೇ ಬಾಕಿ. ತೆನೆಯು ಮೇಲಿನಿಂದ ಕೆಳಕ್ಕೆ ಬಲಿಯುವುದರಿಂದ ಕೆಳತುದಿಯ ಕಾಳಿನಲ್ಲಿ ಚುಕ್ಕೆ ಬಂದಿತೆಂದರೆ ಇಡೀ ತೆನೆ ಮುಗಿದಿದೆ ಎಂದೇ ಅರ್ಥ. ಹೂ ಬಿಟ್ಟು 35ರಿಂದ 40 ದಿನಗಳಿಗೆ ಇದು ಕಾಣಿಸಿಕೊಳ್ಳುತ್ತದೆ. ಆದರೆ ಆಗ ದಂಟೂ ಎಲೆಯೂ ಇನ್ನೂ ಹಸುರಾಗಿಯೇ ಇರಬಹುದು. ಹಸುರು ಎಲೆಯನ್ನು ನೋಡಿ ಒಕ್ಕಲಿಗನು "ಇನ್ನೂ ಬಲಿಯಬೇಕು" ಎಂದು ಬಿಟ್ಟುಬಿಡುತ್ತಾನೆ. ಅಣ್ಣನೂ ಬಿಟ್ಟನು. ಸೆಪ್ಟೆಂಬರ್ 28ರಿಂದ ಐದು ದಿನ ಬಿಸಿಲಿತ್ತಂತೆ. ಅಕ್ಟೋಬರ್ 4ಕ್ಕೆ ಹಸ್ತದ ಮಳೆ ಹಿಡಿದು ವಾರವಾದರೂ ಬಿಡಲಿಲ್ಲ. ಬಿಟ್ಟ ಮೇಲೆ ಆಳು ಸಿಗಲಿಲ್ಲ. ಆಳುಗಳೆಲ್ಲ ಹತ್ತಿ ಬಿಡಿಸಲು ಹೋಗಿದ್ದರು. ಹದಿನೆಂಟು ದಿನ ಬಲಿತ ಕಾಳು ಹೊಲದಲ್ಲಿ ಸುಮ್ಮನೆ ನೆನೆಯಿತು.

ಇಷ್ಟರಿಂದಲೇ ಎಲ್ಲ ಕೇಡೂ ಆ ಹದಿನೆಂಟು ದಿನಗಳದೇ ಎಂದು ನಾವು ಹೇಳಲಾರೆವು. ಬೂಷ್ಟು ಹೂವಿನ ಕಾಲಕ್ಕೇ ಒಳಸೇರುವುದುಂಟು. ಹಾಗೆ ಸೇರಿದರೆ ಕಾಳು ತುಂಬದೆ ಸಣಕಲಾಗುತ್ತದೆ, ಒಳಗಿನ ಹಿಟ್ಟು ಬಣ್ಣಗೆಟ್ಟು ಉಗುರಿನಿಂದಲೇ ಪುಡಿಯಾಗುತ್ತದೆ. ತೆನೆತಿಗಣೆ ರಸ ಹೀರಿದ ಕಾಳಿಗೆ ಬೂಷ್ಟು ಇನ್ನೂ ಸುಲಭವಾಗಿ ಹತ್ತುತ್ತದೆ. ಬಲಿತ ಮೇಲೆ ಮಳೆಗೆ ನೆನೆದು ಬಂದ ಬೂಷ್ಟಾದರೆ ಹೆಚ್ಚಾಗಿ ಸಿಪ್ಪೆಯ ಮೇಲಿರುತ್ತದೆ; ಕಾಳು ತುಂಬಿಯೇ ಇರುತ್ತದೆ. ಹತ್ತು ಕಾಳುಗಳನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಪಟ ಕಳಿಸೆಂದು ನಾವು ಅಣ್ಣನಿಗೆ ಬರೆದೆವು. ಏಳು ಕಾಳು ಒಳಗೆ ಬಿಳಿಯಾಗಿದ್ದವು, ಮೂರು ಒಳಗೂ ಕೆಟ್ಟಿದ್ದವು. ಎಂದರೆ ಮೂರು ಪಾಲು ಸೆಪ್ಟೆಂಬರಿನ ಮಳೆಯದಾದರೆ, ಏಳು ಪಾಲು ತಡೆದು ಕೊಯ್ದುದರ ಫಲ. ಹತ್ತು ಕಾಳಿನ ಲೆಕ್ಕ ಒರಟು ಲೆಕ್ಕವೇ. ಆದರೂ ದಾರಿ ತೋರಿಸುವುದಕ್ಕೆ ಸಾಕು.

ನಮ್ಮ ಹಿರಿಯರ ಜೋಳಕ್ಕೆ ಈ ಬೂಷ್ಟಿನ ಕಾಟ ಇಷ್ಟೇಕಿರಲಿಲ್ಲವೆಂದು ಕೇಳುವವರುಂಟು. ಅದಕ್ಕೂ ಉತ್ತರ ತಾರೀಖಿನಲ್ಲಿಯೇ ಇದೆ. ಹಳೆಯ ನಾಟಿ ತಳಿಗಳು ಹಗಲಿನ ಉದ್ದವನ್ನು ನೋಡಿ ಹೂ ಬಿಡುವಂಥವು. ಮುಂಚೆ ಬಿತ್ತಿದರೂ ಹಿಂದೆ ಬಿತ್ತಿದರೂ ಹಗಲು ಕುಗ್ಗಿ ಮಳೆ ಹಿಂಜರಿಯುವ ಹೊತ್ತಿಗೇ ಹೂ ಬಿಟ್ಟು, ಒಣ ಹವೆಯಲ್ಲಿ ಕಾಳು ಮಾಡುತ್ತಿದ್ದವು. ಇಳುವರಿ ಕಡಿಮೆ, ಸೊಪ್ಪೆ ಹೆಚ್ಚು. 1964ರಲ್ಲಿ ಸಿಎಸ್ಎಚ್ 1 ಎಂಬ ಮೊದಲ ಹೈಬ್ರಿಡ್ ಜೋಳ ದೇಶಕ್ಕೆ ಬಿಡುಗಡೆಯಾಯಿತು. ಗಿಡ ಗಿಡ್ಡ, ಕಾಳು ಹೆಚ್ಚು, ನೂರು ದಿನಗಳಲ್ಲಿ ಕೊಯ್ಲು. ಆ ನೂರು ದಿನಗಳೇ ವರವೂ ಆದವು, ಶಾಪವೂ ಆದವು. ಬೇಗ ಬಿತ್ತಿದರೆ ತೆನೆ ಮಳೆಗೆ ಸಿಕ್ಕಿತು. ಮಳೆ ತಪ್ಪಿಸಲೆಂದು ತಡವಾಗಿ ಬಿತ್ತಿದರೆ ಪೈರು ನೊಣಕ್ಕೆ ಸಿಕ್ಕಿತು. ಆಮೇಲೆ ಎಷ್ಟೋ ಹೈಬ್ರಿಡ್‌ಗಳು ಬಂದವು, ಬೂಷ್ಟನ್ನು ಕೊಂಚ ತಾಳುವಂಥವೂ ಬಂದವು. ಕೆಂಪು ಕಾಳಿನ ಜೋಳ ಬೂಷ್ಟನ್ನು ಚೆನ್ನಾಗಿಯೇ ತಡೆಯುತ್ತದೆ. ಆದರೆ ಅದರ ಒಗರು ರೊಟ್ಟಿಯನ್ನು ತಿನ್ನುವವರು ಯಾರು? ಅಣ್ಣತಮ್ಮಂದಿರ ಬದುವಿನ ಎರಡು ಮಗ್ಗುಲಲ್ಲಿ ಇಂದಿಗೂ ನಡೆದಿರುವುದು ಆ ಹಳೆಯ ಇಕ್ಕಟ್ಟೇ.

ಈ ಇಕ್ಕಟ್ಟಿನಿಂದ ಹೊರಬರುವ ದಾರಿ ಯಾವುದೆಂದರೆ, ಮುಂಗಾರಿ ಜೋಳ ಬಿತ್ತುವವನು ಎರಡು ತಾರೀಖುಗಳನ್ನೂ ಒಟ್ಟಿಗೆ ಹಿಡಿಯಬೇಕು. ಮೃಗಶಿರ ಆರಿದ್ರಾ ಮಳೆಗಳಲ್ಲಿ ಬಿತ್ತನೆ, ಕಪ್ಪು ಚುಕ್ಕೆ ಕಂಡ ದಿನ ಕುಡುಗೋಲು. ಚುಕ್ಕೆ ಕಂಡಾಗ ಕಾಳಿನಲ್ಲಿ ನೂರಕ್ಕೆ ಮೂವತ್ತರಷ್ಟು ನೀರಿರುತ್ತದೆ. ಹಾಗೆ ಕೊಯ್ದ ತೆನೆಗಳನ್ನು ರಾಶಿ ಹಾಕಿದರೆ ಒಂದೇ ರಾತ್ರಿಯಲ್ಲಿ ಬೆಚ್ಚಗಾಗಿ, ಹೊಲದಲ್ಲಿ ಬರಬೇಕಾಗಿದ್ದ ಬೂಷ್ಟು ಕಣದಲ್ಲಿಯೇ ಬರುತ್ತದೆ. ತೆನೆಗಳನ್ನು ಒಂದರ ಮೇಲೊಂದು ಬೀಳದಂತೆ ಬಂಡೆಯ ಮೇಲೋ ತಾಡಪಾಲಿನ ಮೇಲೋ ತೆಳ್ಳಗೆ ಹರಡಿ, ಹಲ್ಲಿನಲ್ಲಿ ಕಡಿದರೆ ಕಟ್ಟೆನ್ನುವವರೆಗೆ ಒಣಗಿಸಬೇಕು, ರಾತ್ರಿ ಮುಚ್ಚಬೇಕು. ಬಿಡದೆ ಮಳೆ ಹಿಡಿದರೆ ತೆನೆಗಳನ್ನು ಹಿಡಿಹಿಡಿಯಾಗಿ ಕಟ್ಟಿ ಪಡಸಾಲೆಯ ತೊಲೆಗೆ ತೂಗುಹಾಕಬಹುದು. ಮೂರು ಎಕರೆಯ ತೆನೆಗೆ ಅಷ್ಟು ತೊಲೆಗಳೆಲ್ಲಿ ಎಂದು ಅಣ್ಣನು ಕೇಳಿಯಾನು. ನ್ಯಾಯವಾದ ಮಾತು. ಹಾಗಿದ್ದರೆ ಮನೆಯ ಊಟಕ್ಕೂ ಬೀಜಕ್ಕೂ ಬೇಕಾದಷ್ಟನ್ನಾದರೂ ಮೊದಲು ಕೊಯ್ದು ಉಳಿಸಿಕೊಳ್ಳಬೇಕು. ಹೂವಿನ ಕಾಲಕ್ಕೆ ಶಿಲೀಂಧ್ರದ ಔಷಧಿ ಹೊಡೆಯಲು ಹೇಳುವವರಿದ್ದಾರೆ. ಬೀಜಕ್ಕಾಗಿ ಬೆಳೆಯುವವರಿಗೆ ಅದು ಸಲ್ಲಬಹುದು. ಮಳೆಯಲ್ಲಿ ತೊಳೆದುಹೋಗುವ ಔಷಧಿಗೆ ಒಣಬೇಸಾಯದ ರೈತನು ಹಣ ಹಾಕಬೇಕೆಂದು ಬರೆಯಲು ನಮ್ಮ ಲೇಖನಿ ಏಳುವುದಿಲ್ಲ. ಕಪ್ಪಾದ ತೆನೆಗೆ ಹೊಡೆಯುವುದಂತೂ ವ್ಯರ್ಥ.

ಆರಿದ್ರಾ ದಾಟಿ, ಹೆಚ್ಚೆಂದರೆ ಪುನರ್ವಸುವಿನ ಮೊದಲ ದಿನಗಳೂ ದಾಟಿ ಹದವಾದರೆ, ಆ ಹೊಲಕ್ಕೆ ಜೋಳ ಹಾಕದಿರುವುದೇ ಲೇಸೆಂದು ನಾವು ಹೇಳುತ್ತೇವೆ. ಮಸಾರಿ ಹೊಲವಾದರೆ ನವಣೆಯಿದೆ, ತೊಗರಿಯಿದೆ; ಸುಳಿ ನೊಣ ತೊಗರಿಯ ಗೊಡವೆಗೆ ಹೋಗದು. ಎರೆಯಾದರೆ ಹೊಲವನ್ನು ಹರಗಿ ಹದ ಕಾಯ್ದುಕೊಂಡು ಹಿಂಗಾರಿಗೆ ಬಿಡಬೇಕು. ಅದಿಲ್ಲ, ದನಕ್ಕೆ ಮೇವು ಬೇಕು, ಜೋಳವೇ ಆಗಬೇಕೆನ್ನುವವರು ಮೂರು ಕೆಲಸ ಮಾಡಲಿ. ಬೀಜಕ್ಕೆ ಮೊದಲೇ ಔಷಧಿ ಹಚ್ಚಲಿ: ಥಯಾಮೆಥಾಕ್ಸಾಮ್ 30 ಎಂಬುದು ಕಿಲೋ ಬೀಜಕ್ಕೆ 10 ಮಿಲಿಲೀಟರ್, ಡಬ್ಬಿಯ ಮೇಲಿನ ಅಳತೆ ಮೀರದೆ, ಕೈಚೀಲ ತೊಟ್ಟು ಹಚ್ಚಿ ನೆರಳಲ್ಲಿ ಆರಿಸಬೇಕು, ಉಳಿದ ಬೀಜವನ್ನು ಕೋಳಿಗೂ ಹಾಕಬಾರದು, ಬೀಸಲೂ ಬಾರದು. ಎಕರೆಗೆ ಮೂರು ಕಿಲೋ ಹಾಕುವಲ್ಲಿ ನಾಲ್ಕರಿಂದ ಐದು ಕಿಲೋ ಹಾಕಲಿ. ಆಮೇಲೆ ಸುಳಿ ಸತ್ತ ಗಿಡಗಳನ್ನು ಹುಳು ನೆಲಕ್ಕಿಳಿದು ಕೋಶ ಕಟ್ಟುವ ಮೊದಲೇ ಕಿತ್ತು, ಹೂಳಲಿ ಇಲ್ಲವೆ ಸುಡಲಿ. ಕಿತ್ತ ಪೈರನ್ನು ಎತ್ತಿನ ಮುಂದೆ ಹಾಕುವ ದುಡುಕು ಬೇಡ. ಎಳೆಯ ಜೋಳದಲ್ಲಿ ದನಗಳನ್ನು ನಿಂತಲ್ಲೇ ಕೆಡವುವ ವಿಷವಿರುತ್ತದೆ; ಬೀಜಕ್ಕೆ ಹಚ್ಚಿದ ಔಷಧಿ ಅದಕ್ಕೆ ಸೇರಿತೆಂದರೆ ಹೇಳುವುದೇ ಬೇಡ.

ಪಟ ತೆಗೆಯುವವರಿಗೆ ಒಂದು ಮಾತು. ಪೈರು ಹುಟ್ಟಿ ಏಳನೆಯ ದಿನದಿಂದ ಎರಡು ದಿನಕ್ಕೊಮ್ಮೆ ಬೆಳಿಗ್ಗೆ ಹೊಲಕ್ಕೆ ಹೋಗಿ, ಎಲೆಯನ್ನು ಮಗುಚಿ, ಬೆಳಕಿಗೆ ಹಿಡಿದು ಕೆಳಮೈಯ ಪಟ ತೆಗೆಯಿರಿ. ಹತ್ತು ಗಿಡಕ್ಕೆ ಒಂದರಲ್ಲಿ ಬಿಳಿಯ ತತ್ತಿ ಕಂಡರೆ ಆ ದಿನವೇ ಕೃಷಿ ಸಿಬ್ಬಂದಿಗೆ ತೋರಿಸಿರಿ. ಹೊಡೆಯುವುದಿದ್ದರೆ ಹೊಡೆಯುವ ದಿನ ಅದು. ತೆನೆಯ ಕಾಲಕ್ಕೆ ಕಾಳನ್ನು ಬಿಡಿಸಿ ಬುಡದ ಪಟ ತೆಗೆಯಿರಿ. ಒಣಗಿದ ಸುಳಿಯೂ ಕರಿಯ ತೆನೆಯೂ ನಮಗೆ ಬೇಕಾದಷ್ಟು ಬಂದಿವೆ.

ಅಣ್ಣನ ಕೊನೆಯ ಪ್ರಶ್ನೆ, ಬೂಷ್ಟು ಹಿಡಿದ ಜೋಳವನ್ನು ಏನು ಮಾಡಬೇಕೆಂಬುದು. ವ್ಯಾಪಾರಿ ಅರ್ಧ ಬೆಲೆಗೆ ಕೇಳಿದನಂತೆ. ಅದಕ್ಕಿಂತ ಮನೆಯಲ್ಲೇ ಬೀಸಿ ತಿನ್ನುವುದು ಲೇಸೆಂದು ಮನೆಯ ಹೆಂಗಸರು ಹೇಳಿದರಂತೆ. ಈ ವಿಷಯದಲ್ಲಿ ನಾವು ಖಡಾಖಂಡಿತವಾಗಿ ಬೇಡವೆನ್ನುತ್ತೇವೆ. 1995ರಲ್ಲಿ ದಖ್ಖನ್ನಿನ ಕೆಲವು ಹಳ್ಳಿಗಳಲ್ಲಿ, ಕಟಾವಿನ ಕಾಲದ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ ಮತ್ತು ಮೆಕ್ಕೆಜೋಳದ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಹೊಟ್ಟೆ ಗುಡುಗುಡು, ಭೇದಿ ಹತ್ತಿದವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಪರೀಕ್ಷಿಸಿದಾಗ ಆ ಕಾಳಿನಲ್ಲಿ ಫ್ಯುಸೇರಿಯಂ ಹುಟ್ಟಿಸುವ ಫ್ಯುಮೊನಿಸಿನ್ ಎಂಬ ವಿಷ ಸಿಕ್ಕಿತು. ಆ ರೊಟ್ಟಿ ಬಿಟ್ಟ ಮೇಲೆ ಜನ ಸುಧಾರಿಸಿಕೊಂಡರು. ನಸುಗೆಂಪು ಬೂಷ್ಟಿನ ಪಟ ನೋಡಿದಾಗ ನಮಗೆ ನೆನಪಾದುದು ಅದೇ. ಹಂಚಿನ ಕಾವು ಈ ವಿಷವನ್ನು ಕಳೆಯುವುದೆಂದು ನೆಚ್ಚಕೂಡದು. ಒಣಗಿಸಿ, ತೂರಿ, ಹಗುರಾದ ಕಾಳನ್ನೂ ಬಣ್ಣಗೆಟ್ಟ ಕಾಳನ್ನೂ ಆರಿಸಿ ತೆಗೆದು, ಒಳಗೂ ಹೊರಗೂ ಬಿಳಿಯಾಗಿ ಉಳಿದುದನ್ನು ಮಾತ್ರ ಮನೆಗಿಟ್ಟುಕೊಳ್ಳಿರಿ. ಹಳೆಯ ಹಗೇವಿನ ಜೋಳದೊಡನೆ ಬೆರೆಸದಿರಿ. ಕೋಳಿಗಳಿಗೂ ಇದು ಆಗದು. ಬೀಜಕ್ಕೆಂದು ಇಡುವ ಮೊದಲು ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳೆಯುತ್ತವೆಂದು ಎಣಿಸಿ ನೋಡಿರಿ. ಅಣ್ಣನು ಹಾಗೆ ನೋಡಿದಾಗ ಮೊಳೆತದ್ದು 38. ಬೀಜದ ಆಸೆಯನ್ನು ಆತನು ಬಿಟ್ಟಿದ್ದಾನೆ.

ಬರುವ ವರ್ಷಕ್ಕೆ ಅಣ್ಣತಮ್ಮಂದಿರಿಬ್ಬರೂ ಕೂಡಿ ಯೋಚಿಸಿದ್ದನ್ನು ಬರೆದಿದ್ದಾರೆ. ಬದುವಿನ ಕೆಳಗಿನ ಎರೆಯಲ್ಲಿ ಇಬ್ಬರೂ ಹಿಂಗಾರಿಗೆ ಎಂ 35-1, ಎಂದರೆ ನಮ್ಮವರು ಮಾಲ್ದಂಡಿ ಎನ್ನುವ ಜೋಳವನ್ನೇ ಹಾಕುವರಂತೆ. ಅದರ ಎಳೆಯ ಎಲೆ ನಯವಾಗಿ ಹೊಳೆಯುವಂಥದು. ನೀರು ಚಿಮುಕಿಸಿದರೆ ಹನಿ ಉರುಳದೆ ಅಂಟಿ ನಿಲ್ಲುತ್ತದೆ. ಅಂಥ ಎಲೆಯ ಮೇಲೆ ನೊಣ ತತ್ತಿಯಿಡುವುದು ಕಡಿಮೆ. ಮಳೆ ಹೋದ ಮೇಲೆ ತೆನೆ ಹಾಯುವುದರಿಂದ ಬೂಷ್ಟಿನ ಭಯವೂ ಅಷ್ಟಿಲ್ಲ. ಹುಬ್ಬೆ ಮಳೆಗೇ ಬಿತ್ತಿಬಿಡೋಣವೇ ಎಂದು ತಮ್ಮನು ಕೇಳಿದ್ದಾನೆ. ಬೇಡ. ಸೆಪ್ಟೆಂಬರ್ ಮೊದಲಲ್ಲಿ ನೊಣದ ಹಾವಳಿ ಇನ್ನೂ ಜೋರಾಗಿರುತ್ತದೆ. ಮಾಲ್ದಂಡಿಯಾದರೂ ಅದಕ್ಕೆ ಪೂರಾ ತಡೆಯಲ್ಲ. ಉತ್ತರೆಯ ಕೊನೆಗೆ ಇಲ್ಲವೆ ಹಸ್ತದ ಮೊದಲ ಹದಕ್ಕೆ ಕೂರಿಗೆ ಹೂಡಲಿ. ಚಿತ್ತೆಯವರೆಗೆ ತಡೆದರೆ ನೆಲದ ತೇವ ಸಾಲದೆ ಕಾಳು ಜೊಳ್ಳಾದೀತು. ಈ ಸಾರಿ ಇಬ್ಬರೂ ಒಂದೇ ದಿನ ಬಿತ್ತಲಿ. ಎಂಟನೆಯ ದಿನ ಎಲೆ ಮಗುಚಿ ಪಟ ತೆಗೆಯುವ ಕೆಲಸವನ್ನು ಆ ಹುಡುಗಿಗೇ ಒಪ್ಪಿಸಬೇಕೆಂದು ನಾವು ಬರೆದು ಕಳಿಸಿದ್ದೇವೆ.